ನೋಟಿಸ್ ಪೂರ್ತಿ ಮಾಡಿಲ್ಲ ಅಂತ ಪಗಾರ ಹಿಡಿದರೆ: ಉದ್ಯಮಬಾಗ್‌ನಲ್ಲಿ ನನಗಾದದ್ದು

ಬೆಳಗಾವಿಯ ಉದ್ಯಮಬಾಗ್‌ನ ಒಂದು ಮಷಿನ್ ಶಾಪ್‌ನಲ್ಲಿ ನಾನು ನಾಲ್ಕು ವರ್ಷ ಕ್ವಾಲಿಟಿ ವಿಭಾಗದಲ್ಲಿದ್ದೆ. ಕಂಪನಿ ಹೆಸರು ಬೇಡ. ಬಿಡುವಾಗ ಅವರು ಮಾಡಿದ್ದು ಮಾತ್ರ ಬರೆಯುತ್ತೇನೆ. ಇದೇ ಆಟ ಬೇರೆ ಕಡೆಯೂ ನಡೆಯುತ್ತಿದೆ, ಹುಡುಗರು ಹೆದರಿ ಸಹಿ ಹಾಕಿ ಸುಮ್ಮನಾಗುತ್ತಿದ್ದಾರೆ.

ಹುಬ್ಬಳ್ಳಿಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಜನವರಿ ಕೊನೆಯ ವಾರವೇ ಸೇರಬೇಕೆಂದರು. ನಮ್ಮ ನೇಮಕಾತಿ ಪತ್ರದಲ್ಲಿ 60 ದಿನದ ನೋಟಿಸ್ ಇತ್ತು. ಕೆಳಗೇ ಇನ್ನೊಂದು ಸಾಲು: ನೋಟಿಸ್ ಕಡಿಮೆಯಾದರೆ ಅಷ್ಟು ದಿನದ ಬೇಸಿಕ್ ಕೊಡಬೇಕು. ಜನವರಿ 1, 2026ಕ್ಕೆ ಮೇಲ್‌ನಲ್ಲಿ ರಾಜೀನಾಮೆ ಕಳಿಸಿದೆ. 24ಕ್ಕೆ ಕೊನೆಯ ದಿನ ಎಂದು ಅದರಲ್ಲೇ ಬರೆದೆ, ಉಳಿದ 36 ದಿನಕ್ಕೆ ಪತ್ರದ ಪ್ರಕಾರ ಹಣ ಕಟ್ಟುತ್ತೇನೆ ಎಂದೂ ಸೇರಿಸಿದೆ. ಸಾಹೇಬರು "ನೋಡೋಣ" ಅಂದರು, ಅಷ್ಟೇ.

ಜನವರಿ 7 ದಾಟಿದರೂ ಡಿಸೆಂಬರ್ ಪಗಾರ ಬರಲಿಲ್ಲ. ಎಲ್ಲರಿಗೂ ಬಂದಿತ್ತು, ನನಗೊಬ್ಬಳಿಗೇ ಇಲ್ಲ. ಕೇಳಿದರೆ ಎಚ್‌ಆರ್ ಮ್ಯಾಡಂ, "ರಾಜೀನಾಮೆ ಕೊಟ್ಟೋರದು ಹೋಲ್ಡ್ ಮಾಡ್ತೀವ್ರಿ, ಎಲ್ಲಾ ಕೊನೀಗೆ ಒಮ್ಮೆಲೇ" ಅಂದರು. ಆವತ್ತೇ ನಾನು ಮೇಲ್ ಹಾಕಬೇಕಿತ್ತು. ಹಾಕಲಿಲ್ಲ. ಡಿಸೆಂಬರ್‌ನಲ್ಲಿ ದುಡಿದದ್ದಕ್ಕೂ ಜನವರಿಯ ನೋಟಿಸ್‌ಗೂ ಸಂಬಂಧವೇ ಇಲ್ಲ. ತಿಂಗಳ ಪಗಾರ ಮುಂದಿನ ತಿಂಗಳ 7ರೊಳಗೆ ಕೊಡಲೇಬೇಕು, ನೀವು ರಾಜೀನಾಮೆ ಕೊಟ್ಟಿದ್ದರೂ ಅಷ್ಟೇ.

24ನೇ ತಾರೀಕು ಶನಿವಾರ. ಸಂಜೆ ನನ್ನ ಹೆಸರಲ್ಲಿದ್ದ ಎರಡು ಮೈಕ್ರೋಮೀಟರ್, ಒಂದು ವರ್ನಿಯರ್, ಪ್ಲಗ್ ಗೇಜ್‌ಗಳ ಡಬ್ಬಿ ಸ್ಟೋರ್‌ಗೆ ವಾಪಸ್ ಕೊಟ್ಟೆ. ಸ್ಟೋರ್ ರಿಜಿಸ್ಟರ್‌ನಲ್ಲಿ ಒಂದೊಂದರ ನಂಬರ್ ಬರೆಸಿ, ಸ್ಟೋರ್ ಅಣ್ಣನ ಸಹಿ ಹಾಕಿಸಿ, ಆ ಪುಟದ ಫೋಟೋ ತೆಗೆದುಕೊಂಡೆ. ಅದನ್ನು ಮಾಡಿದ್ದು ಎಷ್ಟು ಒಳ್ಳೆಯದಾಯಿತು ಎಂದು ಮುಂದೆ ಹೇಳುತ್ತೇನೆ.

ಆಮೇಲೆ ಎಚ್‌ಆರ್ ಟೇಬಲ್ ಮೇಲೆ ಒಂದು ಹಾಳೆ ಇಟ್ಟರು. "ನನಗೆ ಬರಬೇಕಾದ ಎಲ್ಲಾ ಹಣ ಬಂದಿದೆ, ಇನ್ನೇನೂ ಬಾಕಿ ಇಲ್ಲ" ಎಂದು ಟೈಪ್ ಮಾಡಿತ್ತು. ಮೊತ್ತದ ಜಾಗ ಖಾಲಿ. "ಇದಕ್ಕ ಸಹಿ ಹಾಕ್ರಿ, ರಿಲೀವಿಂಗ್ ಲೆಟರ್ ಸೋಮವಾರ ಕಳಸ್ತೀವಿ." ಪೆನ್ನು ಕೈಗೆ ತೆಗೆದುಕೊಂಡಿದ್ದೆ. ಹಿಂದಿನ ವರ್ಷ ಬಿಟ್ಟುಹೋದ ಆಪರೇಟರ್ ಒಬ್ಬರು ನೆನಪಾದರು. ಅವರು ಹೀಗೇ ಸಹಿ ಹಾಕಿದ್ದರು. ಲೆಟರ್ ಬರಲಿಲ್ಲ, ಹಣವೂ ಬರಲಿಲ್ಲ. ಕೇಳಲು ಹೋದರೆ ಅವರದೇ ಸಹಿ ತೋರಿಸಿದರು. ನಾನು ಪೆನ್ನು ಕೆಳಗಿಟ್ಟು ಎದ್ದು ಬಂದೆ.

ಸೋಮವಾರ ಗಣರಾಜ್ಯೋತ್ಸವ. ಮಂಗಳವಾರ ಲೆಕ್ಕ ಬಂತು. ನನ್ನ ಪಗಾರ 24,000, ಅದರಲ್ಲಿ ಬೇಸಿಕ್ 13,500. (ಪಿಎಫ್ ಕಡಿತ ಬಿಟ್ಟು ಹೇಳುತ್ತಿದ್ದೇನೆ.) ಡಿಸೆಂಬರ್‌ದು 24,000, ಜನವರಿಯ 24 ದಿನದ್ದು 19,200, ಒಟ್ಟು 43,200 ನನಗೆ ಬರಬೇಕು. ಅವರು 36 ದಿನಕ್ಕೆ ಪೂರ್ತಿ ಪಗಾರದ ಲೆಕ್ಕದಲ್ಲಿ, ದಿನಕ್ಕೆ 800ರಂತೆ 28,800 ಹಿಡಿದರು. ಮೇಲೆ "ತರಬೇತಿ ಖರ್ಚು" 15,000. ಕಳೆದು ನೋಡಿದರೆ ನಾನೇ ಅವರಿಗೆ 600 ರೂಪಾಯಿ ಕೊಡಬೇಕು! ಎರಡು ತಿಂಗಳ ದುಡಿಮೆ ಅಲ್ಲಿಗೆ ಸೊನ್ನೆ.

ಅಪ್ಪನಿಗೆ ಪರಿಚಯದ ವಕೀಲರೊಬ್ಬರು ಈ ಹಾಳೆ ನೋಡಿ ಮೊದಲು ಹೇಳಿದ್ದು, "ಇಲ್ಲಿ ಮೂರು ಬೇರೆ ಬೇರೆ ವಿಷಯ ಒಂದೇ ಗಂಟು ಕಟ್ಟಿದ್ದಾರವ್ವ, ಬಿಚ್ಚಿ ನೋಡು." ಒಂದು, ದುಡಿದ ಪಗಾರ. ಎರಡು, ನೋಟಿಸ್ ಕೊರತೆಗೆ ಅವರು ಕೇಳುವ ಹಣ. ಮೂರು, ಕಾಗದಪತ್ರ.

ಪಗಾರದ ವಿಷಯದಲ್ಲಿ ಕಾನೂನು ಗಟ್ಟಿಯಾಗಿದೆ. ನವೆಂಬರ್ 21, 2025ರಿಂದ ಜಾರಿಗೆ ಬಂದ ವೇತನ ಸಂಹಿತೆಯ 17ನೇ ಕಲಮಿನ ಪ್ರಕಾರ, ತೆಗೆದುಹಾಕಿದವರಿಗಷ್ಟೇ ಅಲ್ಲ, ತಾವೇ ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನದೊಳಗೆ ಪಗಾರ ಚುಕ್ತಾ ಆಗಬೇಕು. ನನ್ನ ಲೆಕ್ಕದಲ್ಲಿ ಅದು 28ರ ಬುಧವಾರ. "45 ದಿನ ಆಗ್ತದ, ನಮ್ಮ ಪಾಲಿಸಿ" ಎಂಬ ಮಾತಿಗೆ ಬೆಲೆ ಇಲ್ಲ.

ಕಡಿತದ ಬಗ್ಗೆ 18ನೇ ಕಲಮಿದೆ. ಯಾವ ಯಾವ ಕಾರಣಕ್ಕೆ ಪಗಾರದಿಂದ ಹಿಡಿಯಬಹುದು ಎಂಬ ಪಟ್ಟಿ ಅಲ್ಲಿದೆ: ಗೈರುಹಾಜರಿ, ಮುಂಗಡ, ತೆರಿಗೆ, ಪಿಎಫ್ ಹೀಗೆ. ಪಟ್ಟಿಯಲ್ಲಿ ನೋಟಿಸ್ ಕೊರತೆ ಎಂಬ ಹೆಸರಿಲ್ಲ. ಯಾವ ಕಾರಣಕ್ಕೇ ಆಗಲಿ, ಒಂದು ಪಗಾರದ ಅವಧಿಯಲ್ಲಿ ಒಟ್ಟು ಕಡಿತ ಅರ್ಧ ದಾಟುವಂತಿಲ್ಲ. ನನ್ನದನ್ನು ಪೂರ್ತಿ ನುಂಗಿದ್ದರು.

ಹಾಗಂತ ನೋಟಿಸ್ ಎಂದರೆ ಲೆಕ್ಕಕ್ಕಿಲ್ಲ ಎಂದುಕೊಳ್ಳಬೇಡಿ. ಒಪ್ಪಂದ ಒಪ್ಪಂದವೇ. ನಿಮ್ಮನ್ನು ಬಲವಂತವಾಗಿ ಕೆಲಸದಲ್ಲಿ ಇಟ್ಟುಕೊಳ್ಳಲು ಯಾರಿಗೂ ಬರುವುದಿಲ್ಲ, ಆದರೆ ಒಪ್ಪಿಕೊಂಡ ಹಣವನ್ನು ಕೋರ್ಟಿನ ಮೂಲಕ ಕೇಳಬಹುದು. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷಕ್ಕೆ ಮೊದಲೇ ಬಿಟ್ಟ ಪ್ರಕರಣದಲ್ಲಿ, ಎರಡು ಲಕ್ಷ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಅದು ಬಾಂಡಿನ ವಿಷಯ. ಆದರೂ ಸಹಿ ಹಾಕಿದ ಸಾಲಿಗೆ ತೂಕ ಇದೆ ಎನ್ನುವುದು ಅದರಿಂದ ಗೊತ್ತಾಗುತ್ತದೆ.

ಅದಕ್ಕೇ ನಾನು ಪತ್ರದಲ್ಲಿದ್ದಷ್ಟನ್ನು ಒಪ್ಪಿದೆ. ಬೇಸಿಕ್ 13,500ನ್ನು 30ರಿಂದ ಭಾಗಿಸಿದರೆ ದಿನಕ್ಕೆ 450. 36 ದಿನಕ್ಕೆ 16,200. ತರಬೇತಿ ಖರ್ಚಿನ ಮಾತು ಪತ್ರದಲ್ಲೆಲ್ಲೂ ಇಲ್ಲ. ಹಾಗಾಗಿ ನನಗೆ ಬರಬೇಕಾದ್ದು 27,000. ಇಷ್ಟನ್ನೇ ಒಂದು ಪುಟದಲ್ಲಿ ಬರೆದು, ನೇಮಕಾತಿ ಪತ್ರದ ಪ್ರತಿ ಇಟ್ಟು, ಸ್ಪೀಡ್ ಪೋಸ್ಟ್‌ನಲ್ಲೂ ಮೇಲ್‌ನಲ್ಲೂ ಕಳಿಸಿದೆ. ಉತ್ತರ ಬಂತು: ಒಂದು ಮೈಕ್ರೋಮೀಟರ್ ಕಾಣೆಯಾಗಿದೆ, ಅದರ ಬೆಲೆಯೂ ಸೇರುತ್ತದೆ! ರಿಜಿಸ್ಟರ್ ಪುಟದ ಫೋಟೋ ಕಳಿಸಿದೆ. ಆ ಮಾತು ಮತ್ತೆ ಬರಲಿಲ್ಲ.

ಹಣವೂ ಬರಲಿಲ್ಲ. ಬೆಳಗಾವಿಯ ಕಾರ್ಮಿಕ ಇಲಾಖೆ ಕಚೇರಿಗೆ ಅರ್ಜಿ ಕೊಟ್ಟೆ. ಜೊತೆಗೆ ಮೂರು ತಿಂಗಳ ಪಗಾರ ಚೀಟಿ, ಬ್ಯಾಂಕ್ ಪಾಸ್‌ಬುಕ್ ಪುಟ, ರಾಜೀನಾಮೆ ಮೇಲ್, ಅವರ ಲೆಕ್ಕದ ಹಾಳೆ. ಇಬ್ಬರನ್ನೂ ಕರೆಸಿದರು. ಮೊದಲ ದಿನ ಕಂಪನಿಯವರು ಬರಲೇ ಇಲ್ಲ. ಎರಡನೇ ಸಲ ಬಂದರು. ಕ್ಲೇಮು ಹಾಕಿದರೆ ತಡೆಹಿಡಿದ ಹಣದ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ ಎಂದು ಅಧಿಕಾರಿ ಹೇಳಿದ ಮೇಲೆ ಸ್ವರ ಇಳಿಯಿತು. 27,000 ಖಾತೆಗೆ ಬಂತು. ಕ್ಲೇಮು ಹಾಕಲು ಮೂರು ವರ್ಷ ಸಮಯವಿದೆ, ಆದರೆ ತಡ ಮಾಡಿದಷ್ಟೂ ಕಾಗದ ಕಳೆಯುತ್ತವೆ.

ರಿಲೀವಿಂಗ್ ಲೆಟರ್ ಮಾತ್ರ ಕೊನೆಗೂ ಕೊಡಲಿಲ್ಲ. ಪಗಾರಕ್ಕೆ ಇರುವಂಥ ನೇರ ಗಡುವು ಈ ಕಾಗದಕ್ಕೆ ವೇತನ ಸಂಹಿತೆಯಲ್ಲಿ ಇಲ್ಲ. ಕಂಪನಿಗಳು ಹಿಡಿಯುವ ಜುಟ್ಟು ಇದೇ. ಹುಬ್ಬಳ್ಳಿಯವರಿಗೆ ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ರಾಜೀನಾಮೆ ಮೇಲ್, ಪಗಾರ ಚೀಟಿ, ಪಿಎಫ್ ಪಾಸ್‌ಬುಕ್ ಕೊಟ್ಟೆ, ಅವರಿಗೆ ಸಾಕಾಯಿತು.

ಪಿಎಫ್‌ನಲ್ಲಿ ಬಿಟ್ಟ ದಿನಾಂಕವನ್ನೂ ಅವರು ಹಾಕಿರಲಿಲ್ಲ. ಅದಕ್ಕೆ ಕಂಪನಿಯನ್ನು ಬೇಡಬೇಕಿಲ್ಲ. ಕೊನೆಯ ಕಂತು ಜಮೆಯಾಗಿ ಎರಡು ತಿಂಗಳಾದ ಮೇಲೆ ಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ Manage ಒಳಗೆ Mark Exit ಒತ್ತಿ, ಆಧಾರ್ ಒಟಿಪಿ ಕೊಟ್ಟು ನಾವೇ ಹಾಕಬಹುದು. ದಿನಾಂಕ ಹಾಕುವಾಗ ಎರಡು ಸಲ ನೋಡಿ, ತಪ್ಪಾದರೆ ತಿದ್ದಿಸುವುದು ದೊಡ್ಡ ತಲೆನೋವು. ನಾನು ಏಪ್ರಿಲ್‌ನಲ್ಲಿ ಹಾಕಿದೆ, 24-01-2026.