ಪಾಲಿಸಿ ದಿನ ನಿಮ್ಮ ಟ್ರೇಡಿಂಗ್ ಸ್ಕ್ರಿಪ್ಟ್ ನಿಜವಾಗಿ ನಿಂತಿರುತ್ತದೆಯೇ? ದಯವಿಟ್ಟು ಒಮ್ಮೆ ತೆರೆದು ನೋಡಿ

ಮನೆಯಲ್ಲಿ ಕೂತು ಸಣ್ಣ ಮಟ್ಟದಲ್ಲಿ ಆಲ್ಗೋ ಟ್ರೇಡಿಂಗ್ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ರಿಸರ್ವ್ ಬ್ಯಾಂಕ್ ಪಾಲಿಸಿ ಹೇಳುವ ಹೊತ್ತಿಗೆ ಸ್ಕ್ರಿಪ್ಟ್ ತಾನಾಗಿ ನಿಂತು, ಆಮೇಲೆ ತಾನಾಗಿ ಸುರುವಾಗುವಂತೆ ನೀವು ಬರೆದಿದ್ದರೆ, ಇದನ್ನು ಓದಿದ ಮೇಲೆ ಆ ಭಾಗವನ್ನು ಇನ್ನೊಮ್ಮೆ ನೋಡಿ. ನಾನೂ ಹಾಗೆ ಬರೆದಿದ್ದೆ. ಅದು ನನ್ನ ಎರಡು ತಿಂಗಳ ಗಳಿಕೆಯನ್ನು ಒಂದು ಗಂಟೆಯೊಳಗೆ ತೆಗೆದುಕೊಂಡು ಹೋಯಿತು.

ನಾನಿರುವುದು ಮಂಗಳೂರಿನ ಬಿಜೈಯಲ್ಲಿ. ಉಡುಪಿಯಲ್ಲಿರುವ ನನ್ನ ಭಾವ, ಅಂದರೆ ಅಕ್ಕನ ಗಂಡ, ನಾನು ಸೇರಿ ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಮಾಡಿಕೊಂಡಿದ್ದೇವೆ. ಬ್ಯಾಂಕ್ ನಿಫ್ಟಿ ಫ್ಯೂಚರ್ಸ್‌ನಲ್ಲಿ ಒಂದೇ ಲಾಟ್. ಕಳೆದ 20 ನಿಮಿಷದ ಸರಾಸರಿಯಿಂದ ಬೆಲೆ ತುಂಬ ಮೇಲೆ ಹೋದರೆ ಮಾರುವುದು, ತುಂಬ ಕೆಳಗೆ ಹೋದರೆ ಕೊಳ್ಳುವುದು, ಸರಾಸರಿಗೆ ಮರಳಿದಾಗ ಹೊರಬರುವುದು. 120 ಪಾಯಿಂಟ್ ವಿರುದ್ಧ ಹೋದರೆ ಸ್ಟಾಪ್‌ಲಾಸ್. ಸಾಧಾರಣ ದಿನಗಳಲ್ಲಿ ಇದು ಪಾಪದ ಹಾಗೆ ಸ್ವಲ್ಪ ಸ್ವಲ್ಪ ದುಡಿಯುತ್ತಿತ್ತು. ಆದರೆ ಬೆಲೆ ಒಂದೇ ದಿಕ್ಕಿಗೆ ಜಿಗಿದು ಮರಳದೆ ಹೋದರೆ ಈ ಬಗೆಯ ಲೆಕ್ಕ ಪೂರಾ ಉಲ್ಟಾ ಆಗುತ್ತದೆ ಎಂಬುದು ನಮಗೂ ಗೊತ್ತಿತ್ತು. ಹಾಗಾಗಿಯೇ ಪಾಲಿಸಿ ದಿನಕ್ಕೆ ಪಾಜ್ ಇಟ್ಟದ್ದು. ಗವರ್ನರ್ ಮಾತು ಸುರುವಾಗುವುದು ಬೆಳಿಗ್ಗೆ 10ಕ್ಕೆ. ನಮ್ಮ ಸ್ಕ್ರಿಪ್ಟ್ 9:55ಕ್ಕೆ ನಿಂತು 10:15ಕ್ಕೆ ಪುನಃ ಸುರು. ಆ ಪಾಜ್ ಇಷ್ಟೇ ಇತ್ತು:

```python
if policy_day and now >= PAUSE_AT and not paused_today:
    paused_today = True
    time.sleep(1200)
```

ಇದನ್ನು ಬರೆದಾಗ ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. 1200 ಸೆಕೆಂಡು, ಅಂದರೆ 20 ನಿಮಿಷ ಸುಮ್ಮನಿರು ಎಂದು ಹೇಳಿದ್ದೆ ಅಷ್ಟೆ.

2025ರ ಜೂನ್ 6, ಶುಕ್ರವಾರ. ಹೊರಗೆ ಮಳೆ. 9:48ಕ್ಕೆ ಸ್ಕ್ರಿಪ್ಟ್ ಒಂದು ಲಾಟ್ ಮಾರಿತು. ಆಗ ಒಂದು ಲಾಟ್ ಎಂದರೆ 30, ಒಪ್ಪಂದದ ಬೆಲೆ ಹದಿನಾರು ಲಕ್ಷ ದಾಟುತ್ತಿತ್ತು. 9:55ಕ್ಕೆ ಸ್ಕ್ರಿಪ್ಟ್ ನಿಂತಿತು, ಕೈಯಲ್ಲಿ ಆ ಶಾರ್ಟ್ ಇಟ್ಟುಕೊಂಡೇ. ಗವರ್ನರ್ ಸಂಜಯ್ ಮಲ್ಹೋತ್ರಾ ರೆಪೊ ದರವನ್ನು ಶೇಕಡಾ 6ರಿಂದ 5.50ಕ್ಕೆ ಇಳಿಸಿದರು. ಹೆಚ್ಚಿನವರು ಕಾಯುತ್ತಿದ್ದದ್ದು ಕಾಲು ಶೇಕಡಾ ಇಳಿಕೆಗೆ, ಸಿಕ್ಕಿದ್ದು ಅರ್ಧ. ಬೆಲೆ ನನ್ನ ವಿರುದ್ಧ ಏರತೊಡಗಿತು. 120 ಪಾಯಿಂಟ್ ದಾಟಿದ್ದನ್ನು ಕಣ್ಣಾರೆ ಕಂಡೆ, ಸ್ಟಾಪ್‌ಲಾಸ್ ಆಗಲಿಲ್ಲ. ಯಾಕೆಂದರೆ ನಮ್ಮ ಸ್ಟಾಪ್‌ಲಾಸ್ ಎಕ್ಸ್‌ಚೇಂಜಿನಲ್ಲಿ ಇರಲೇ ಇಲ್ಲ. ಸ್ಕ್ರಿಪ್ಟ್ ಪ್ರತಿ ಸೆಕೆಂಡಿಗೆ ಬೆಲೆ ನೋಡಿ, ಮಿತಿ ದಾಟಿದರೆ ಆರ್ಡರ್ ಕಳಿಸುತ್ತಿತ್ತು. ಆ ಸ್ಕ್ರಿಪ್ಟ್ ಈಗ ಮಲಗಿತ್ತು. ಹೊಸ ಟ್ರೇಡ್ ನಿಲ್ಲಿಸಬೇಕೆಂದು ಬರೆದ ಸಾಲು ನಮ್ಮ ಕಾವಲನ್ನೂ ಮಲಗಿಸಿತ್ತು.

ಭಾವ ಫೋನ್ ಮಾಡಿದರು. "ಎಂತ ಮಾರಾಯ, ಸ್ಟಾಪ್ ಹೊಡೀಲಿಲ್ವಾ?"

"ಸ್ಕ್ರಿಪ್ಟ್ ಪಾಜ್‌ನಲ್ಲಿ ಉಂಟು ಭಾವ. ಹತ್ತೂ ಕಾಲಿಗೆ ಸರಿಯಾಗ್ತದೆ" ಎಂದೆ.

ಆಗಲೇ ಕೈಯಿಂದ ಮುಚ್ಚಬೇಕಿತ್ತು. ನಾನು ಮುಚ್ಚಲಿಲ್ಲ.

10:15ಕ್ಕೆ ಸ್ಕ್ರಿಪ್ಟ್ ಎದ್ದಿತು, 140 ಪಾಯಿಂಟ್ ನಷ್ಟಕ್ಕೆ ಶಾರ್ಟನ್ನು ಮುಚ್ಚಿತು. ಅಬ್ಬ ಮುಗಿಯಿತಲ್ಲ ಎಂದುಕೊಳ್ಳುವಷ್ಟರಲ್ಲಿ ಮತ್ತೆ ಮಾರಿತು. ಆ ನಡೆ ನನಗೆ ಆಗ ಅರ್ಥವಾಗಿರಲಿಲ್ಲ, ರಾತ್ರಿ ಲಾಗ್ ತೆಗೆದು ಕೂತಾಗ ಗೊತ್ತಾಯಿತು. ಸ್ಕ್ರಿಪ್ಟಿನ ಜೊತೆ ಡೇಟಾ ಸಂಗ್ರಹವೂ ಮಲಗಿತ್ತಲ್ಲ, ಎದ್ದಾಗ ಅದರ ಹತ್ತಿರ ಇದ್ದ 20 ಕ್ಯಾಂಡಲ್‌ಗಳೂ 9:55ಕ್ಕಿಂತ ಹಿಂದಿನವು. ಅಂದರೆ ಪಾಲಿಸಿಗೆ ಮುಂಚಿನ ಲೋಕದ ಸರಾಸರಿ. ಹೊಸ ಕ್ಯಾಂಡಲ್ ನಿಮಿಷಕ್ಕೊಂದರಂತೆ ಬರುತ್ತದೆ. ಐದು ನಿಮಿಷವಾದರೂ 20ರಲ್ಲಿ 15 ಹಳೆಯವೇ. ಬೆಲೆ 200 ಪಾಯಿಂಟ್ ಮೇಲೆ ನಿಂತಿದ್ದರೂ ಸರಾಸರಿ ಏರುವುದು ಬರೀ 50. ಸ್ಕ್ರಿಪ್ಟಿಗೆ ಬೆಲೆ ಇನ್ನೂ 150 ಪಾಯಿಂಟ್ "ಜಾಸ್ತಿ" ಎಂದೇ ಕಾಣುತ್ತದೆ, ಅದು ಮಾರುತ್ತದೆ. ಹೊಸ ಬೆಲೆಯೇ ಈಗ ನಿಜವಾದ ಬೆಲೆ ಎಂಬುದು ಅದಕ್ಕೆ ತಿಳಿಯಲು ದಾರಿಯೇ ಇರಲಿಲ್ಲ.

ಇದರ ಮೇಲೆ ಇನ್ನೊಂದು ಪೆಟ್ಟು. ದರ ಹೇಳಿದ ಕೂಡಲೇ ಪಾಲಿಸಿ ಮುಗಿಯುವುದಿಲ್ಲ. ಮೊದಲು ರೆಪೊ, ಆಮೇಲೆ ನಿಲುವು, ಬೆಳವಣಿಗೆ ಮತ್ತು ಹಣದುಬ್ಬರದ ಅಂದಾಜು, ನಂತರ ನಗದು ಹರಿವು, ಉಳಿದ ಕ್ರಮಗಳು, ಹೀಗೆ ಓದುತ್ತಾ ಹೋಗುತ್ತಾರೆ. ಆ ದಿನ ನಿಲುವನ್ನು ಅಕಾಮಡೇಟಿವ್‌ನಿಂದ ನ್ಯೂಟ್ರಲ್‌ಗೆ ಬದಲಾಯಿಸಿದರು. ಅದನ್ನು ಕೇಳಿದವರಿಗೆ ಇನ್ನು ಇಳಿಕೆಗೆ ಹೆಚ್ಚು ಜಾಗವಿಲ್ಲ ಎಂದು ಅರ್ಥವಾಗುತ್ತದೆ. ಆದರೆ ಭಾಷಣದ ನಂತರದ ಭಾಗದಲ್ಲಿ ಸಿಆರ್‌ಆರ್, ಅಂದರೆ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಇಡಲೇಬೇಕಾದ ಹಣದ ಪಾಲು, ಬಂತು: ಶೇಕಡಾ 4ರಿಂದ 3ಕ್ಕೆ, ನಾಲ್ಕು ಕಂತುಗಳಲ್ಲಿ ಇಳಿಕೆ, ಬ್ಯಾಂಕುಗಳ ಕೈಗೆ ಸುಮಾರು ಎರಡೂವರೆ ಲಕ್ಷ ಕೋಟಿ ರೂಪಾಯಿ. ಬ್ಯಾಂಕ್ ಷೇರುಗಳಿಗೆ ದೊಡ್ಡ ಸುದ್ದಿ ಅದೇ. ಒಂದೇ ಭಾಷಣದೊಳಗೆ ಎರಡು ಮೂರು ಪ್ರತ್ಯೇಕ ಹೊಡೆತಗಳಿದ್ದವು, ನಾನು ಮಾತ್ರ ಮೊದಲನೆಯದಕ್ಕೆ ಲೆಕ್ಕ ಹಾಕಿ ಗಡಿಯಾರ ಇಟ್ಟಿದ್ದೆ.

ಸ್ಕ್ರಿಪ್ಟ್ ಮಾರಿತು, 135 ಹೋಯಿತು. ಮತ್ತೆ ಮಾರಿತು, 150. ಮತ್ತೊಮ್ಮೆ, 130. ಸ್ಟಾಪ್ 120 ಇದ್ದರೂ ಹೆಚ್ಚು ಹೋದದ್ದು ಯಾಕೆಂದರೆ ಆ ಹೊತ್ತಿಗೆ ಕೊಳ್ಳುವ ಮತ್ತು ಮಾರುವ ಬೆಲೆಯ ನಡುವಿನ ಅಂತರ ಅಗಲವಾಗಿತ್ತು, ಮಾರ್ಕೆಟ್ ಆರ್ಡರ್ ಕೇಳಿದ ಬೆಲೆಗೆ ಸಿಗಲಿಲ್ಲ. ನಾಲ್ಕನೆಯ ನಷ್ಟದ ಮೇಲೆ ನಾನೇ ಲ್ಯಾಪ್‌ಟಾಪ್‌ನಲ್ಲಿ ಸ್ಕ್ರಿಪ್ಟ್ ಕೊಂದೆ. ಒಟ್ಟು 555 ಪಾಯಿಂಟ್, 30ರಿಂದ ಗುಣಿಸಿದರೆ 16,650 ರೂಪಾಯಿ, ಬ್ರೋಕರೇಜ್ ತೆರಿಗೆ ಬೇರೆ. ಅಕ್ಕನ ಮನೆಯ ಮಾಡು ರಿಪೇರಿಗೆಂದು ಎತ್ತಿಟ್ಟ ಹಣದಿಂದ ಸುರುಮಾಡಿದ ಖಾತೆ ಅದು. ಆ ಸಂಜೆ ಅಕ್ಕನ ಹತ್ತಿರ ಮಾತಾಡಲು ನನಗೆ ಧೈರ್ಯವೇ ಬರಲಿಲ್ಲ.

ಆಮೇಲೆ ನಾವು ಬದಲಾಯಿಸಿದ್ದನ್ನು ಹೇಳುತ್ತೇನೆ. ಇದರಲ್ಲಿಯೂ ಒಂದು ಗುಂಡಿ ಉಂಟು, ಅದಕ್ಕೆ ಬೀಳಬೇಡಿ.

ಮೊದಲು, ಪಾಜ್ ಎಂದರೆ ಹೊಸ ಆರ್ಡರ್ ಮಾತ್ರ ನಿಲ್ಲುವುದು. ಡೇಟಾ ಬರುತ್ತಲೇ ಇರಬೇಕು, ಕೈಯಲ್ಲಿದ್ದ ಪೊಸಿಷನ್ ಮೇಲೆ ಕಣ್ಣು ಇರಲೇಬೇಕು. `sleep` ಸಾಲನ್ನು ಕಿತ್ತು ಹಾಕಿ, ಒಂದು ಫ್ಲ್ಯಾಗ್ ಇಟ್ಟೆವು. ಸ್ಟಾಪ್‌ಲಾಸನ್ನು ಟ್ರೇಡ್ ಆದ ತಕ್ಷಣ ಎಕ್ಸ್‌ಚೇಂಜಿಗೇ ಕಳಿಸುವಂತೆ ಮಾಡಿದೆವು. ಹಾಗಾದರೆ ನಮ್ಮ ಕರೆಂಟು, ಇಂಟರ್ನೆಟ್ ಹೋದರೂ ಅದು ಅಲ್ಲಿ ಇರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಅದೂ ಸಣ್ಣ ಮಾತಲ್ಲ. ಎಸ್‌ಎಲ್ ಲಿಮಿಟ್ ಆರ್ಡರ್ ಹಾಕುವವರು ಟ್ರಿಗರ್‌ಗೂ ಲಿಮಿಟ್‌ಗೂ ಸಾಕಷ್ಟು ಅಂತರ ಬಿಡಿ. ಎರಡು ಪಾಯಿಂಟ್ ಅಂತರ ಇಟ್ಟರೆ ಬೆಲೆ ಅದನ್ನು ಹಾರಿಕೊಂಡು ಹೋಗುತ್ತದೆ, ಆರ್ಡರ್ ಹಾಗೆಯೇ ಬಾಕಿ ಉಳಿಯುತ್ತದೆ.

ಗುಂಡಿ ಇದ್ದದ್ದು ಇಲ್ಲಿ. ಹಣ ಹಾಕದೆ ಆಗಸ್ಟ್ 6ರ ಪಾಲಿಸಿಗೆ ಪರೀಕ್ಷೆ ಮಾಡಿದೆವು. ಆ ಸಲ ದರ 5.50ರಲ್ಲೇ ಉಳಿಯಿತು. ಪಾಜ್ ಸುರುವಾದಾಗ ಬಾಕಿ ಇರುವ ಆರ್ಡರ್‌ಗಳನ್ನೆಲ್ಲ ರದ್ದು ಮಾಡು ಎಂದು ಭಾವ ಒಂದು ಸಾಲು ಸೇರಿಸಿದ್ದರು. ಒಳ್ಳೆಯ ಯೋಚನೆಯೇ, ಹಳೆಯ ಎಂಟ್ರಿ ಆರ್ಡರ್ ಉಳಿಯಬಾರದಲ್ಲ. ಲಾಗ್ ನೋಡಿದರೆ "ಎಲ್ಲ" ಎಂದದ್ದಕ್ಕೆ ಸ್ಟಾಪ್‌ಲಾಸೂ ರದ್ದಾಗಿತ್ತು. ಜೂನ್‌ನ ಅದೇ ಸ್ಥಿತಿ, ಬೇರೆ ದಾರಿಯಿಂದ. ಈಗ ಪ್ರತಿ ಆರ್ಡರಿಗೂ ಎಂಟ್ರಿ ಅಥವಾ ಎಕ್ಸಿಟ್ ಎಂಬ ಟ್ಯಾಗ್ ಹಾಕಿ, ಎಂಟ್ರಿಯನ್ನು ಮಾತ್ರ ರದ್ದು ಮಾಡುತ್ತೇವೆ. ಇನ್ನೂ ಸರಳ ಉಪಾಯ ಎಂದರೆ ಪಾಲಿಸಿ ದಿನ 9:45ರೊಳಗೆ ಕೈ ಖಾಲಿ ಮಾಡಿಕೊಳ್ಳುವುದು. ಒಂದೆರಡು ಲಾಟ್ ಆಡುವ ನಮ್ಮಂಥವರಿಗೆ ನಾನು ಅದನ್ನೇ ಹೇಳುತ್ತೇನೆ.

ಪುನಃ ಸುರುಮಾಡುವುದನ್ನು ಗಡಿಯಾರಕ್ಕೆ ಬಿಡಬಾರದು, ಬೆಲೆ ನಿಜವಾಗಿ ತಣ್ಣಗಾಗಿದೆಯೇ ಎಂದು ಅಳೆಯಬೇಕು:

```python
def can_resume(speech_over, ranges, base, spread, base_spread):
    if not speech_over or len(ranges) < 20:
        return False
    calm = all(r <= 1.5 * base for r in ranges[-10:])
    return calm and spread <= 2 * base_spread
```

`speech_over` ಅನ್ನು ನಾನೇ ಕೈಯಿಂದ ಬದಲಾಯಿಸುತ್ತೇನೆ, ಗವರ್ನರ್ ಮಾತು ಮುಗಿದ ಮೇಲೆ. `ranges` ಎಂದರೆ ಆಮೇಲಿನ ಒಂದೊಂದು ನಿಮಿಷದ ಕ್ಯಾಂಡಲ್‌ನ ಎತ್ತರ. ಕಡಿಮೆಯೆಂದರೆ 20 ಕ್ಯಾಂಡಲ್ ಬೇಕು, ಆಗ ಸರಾಸರಿಯಲ್ಲಿ ಹಳೆಯ ಬೆಲೆಯೂ ಜಿಗಿತವೂ ಉಳಿದಿರುವುದಿಲ್ಲ. ಕೊನೆಯ ಹತ್ತೂ ಸಾಧಾರಣ ಮಟ್ಟದ, ಅಂದರೆ `base`ನ, ಒಂದೂವರೆ ಪಟ್ಟಿನೊಳಗೆ ಇರಬೇಕು. `spread` ಎಂದರೆ ಕೊಳ್ಳುವ ಮತ್ತು ಮಾರುವ ಬೆಲೆಯ ಅಂತರ, ಅದು ಸಾಧಾರಣ ಅಂತರದ ಎರಡು ಪಟ್ಟು ಮೀರಬಾರದು. ಒಂದೆರಡು ಶಾಂತ ನಿಮಿಷ ನೋಡಿ ಮೋಸ ಹೋಗಬೇಡಿ, ಎರಡು ಹೊಡೆತಗಳ ನಡುವೆ ಅಂಥ ನಿಮಿಷ ಬರುತ್ತದೆ.

`base` ಎಲ್ಲಿಂದ ತೆಗೆಯುವುದು ಎಂಬಲ್ಲಿಯೂ ನಾವು ಎಡವಿದೆವು. ಅದೇ ಬೆಳಿಗ್ಗೆ 9:30ರಿಂದ 9:55ರ ಕ್ಯಾಂಡಲ್ ತೆಗೆದಾಗ ಸ್ಕ್ರಿಪ್ಟ್ ಮಧ್ಯಾಹ್ನವಾದರೂ ಏಳಲಿಲ್ಲ. ಪಾಲಿಸಿಗೆ ಮುಂಚೆ ಎಲ್ಲರೂ ಕೈಕಟ್ಟಿ ಕೂತಿರುತ್ತಾರೆ, ಮಾರುಕಟ್ಟೆ ಅಸಹಜವಾಗಿ ಸುಮ್ಮನಿರುತ್ತದೆ. ಅದಕ್ಕೆ ಹೋಲಿಸಿದರೆ ಯಾವ ದಿನವೂ ಗಲಾಟೆಯೇ. ಈಗ ಹಿಂದಿನ ಐದು ದಿನಗಳ ಅದೇ ಹೊತ್ತಿನ ಕ್ಯಾಂಡಲ್‌ಗಳ ನಡುಮೌಲ್ಯ ತೆಗೆಯುತ್ತೇವೆ. ಹನ್ನೆರಡಕ್ಕೆ ಗವರ್ನರ್ ಪತ್ರಿಕಾಗೋಷ್ಠಿ ಇರುತ್ತದೆ, ಆಗ ಮತ್ತೊಮ್ಮೆ ನಿಲ್ಲಿಸುತ್ತೇವೆ.

ಇಷ್ಟು ಮಾಡಿದರೂ ಕ್ಯಾಲೆಂಡರ್ ನಂಬಿ ಕೂರುವಂತಿಲ್ಲ. 2022ರ ಮೇ 4ರಂದು ವೇಳಾಪಟ್ಟಿಯಲ್ಲೇ ಇಲ್ಲದ ಹೇಳಿಕೆ ಮಧ್ಯಾಹ್ನ 2ಕ್ಕೆ ಬಂತು. ರೆಪೊ 0.40 ಏರಿ 4.40 ಆಯಿತು, ಸಿಆರ್‌ಆರ್ ಕೂಡ ಅರ್ಧ ಶೇಕಡಾ ಏರಿತು, ಸೆನ್ಸೆಕ್ಸ್ ಆ ದಿನ 1,300 ಪಾಯಿಂಟ್‌ಗಿಂತ ಹೆಚ್ಚು ಬಿತ್ತು. ಅಂಥದ್ದಕ್ಕೆ ನಮ್ಮಲ್ಲಿ ಈಗ ಇನ್ನೊಂದು ಕಟ್ಟುಪಾಡು ಉಂಟು: ಯಾವುದೇ ದಿನ ಒಂದು ನಿಮಿಷದ ಕ್ಯಾಂಡಲ್ `base`ನ ನಾಲ್ಕು ಪಟ್ಟು ಮೀರಿದರೆ ಹೊಸ ಆರ್ಡರ್ ನಿಲ್ಲುತ್ತದೆ, ಸುರುವಾಗಲು ಮೇಲಿನ ಪರೀಕ್ಷೆಯನ್ನೇ ದಾಟಬೇಕು. ನಿಲ್ಲಲು ನಾಲ್ಕು ಪಟ್ಟು, ಸುರುವಾಗಲು ಒಂದೂವರೆ. ಎರಡಕ್ಕೂ ಒಂದೇ ಮಿತಿ ಇಟ್ಟರೆ ಸ್ಕ್ರಿಪ್ಟ್ ನಿಮಿಷಕ್ಕೊಮ್ಮೆ ನಿಂತು ಸುರುವಾಗುತ್ತಾ ಪ್ರತಿ ಸಲ ಪೆಟ್ಟು ತಿನ್ನುತ್ತದೆ.

ಈಗ ಪಾಲಿಸಿ ದಿನ ಒಂಬತ್ತೂವರೆಗೆ ಭಾವನ ಫೋನ್ ತಪ್ಪುವುದಿಲ್ಲ. "ಕೈ ಖಾಲಿ ಉಂಟಾ?" ಎಂದು ಕೇಳುತ್ತಾರೆ. ನಾನು ಸ್ಕ್ರಿಪ್ಟಿನ ಮಾತು ಕೇಳಿ ಉತ್ತರ ಕೊಡುವುದಿಲ್ಲ, ಬ್ರೋಕರ್ ಆ್ಯಪ್‌ನಲ್ಲಿ ಪೊಸಿಷನ್ ಮತ್ತು ಬಾಕಿ ಆರ್ಡರ್ ಎರಡನ್ನೂ ತೆರೆದು ನೋಡಿ "ಖಾಲಿ ಉಂಟು ಭಾವ" ಎನ್ನುತ್ತೇನೆ.