ಮೂಲೆ ಪಿಲ್ಲರ್ ನೋಡಿ ಮೇಲೆ ಮಹಡಿ ಕಟ್ಟಿಸಬೇಡಿ

ನಮ್ಮ ಮನೆ ತುಮಕೂರಿನ ಶೆಟ್ಟಿಹಳ್ಳಿ ಕಡೆ ಇದೆ. 2007ರಲ್ಲಿ ಅಪ್ಪ ಕಟ್ಟಿಸಿದ್ದು, ನೆಲಮಹಡಿ ಮಾತ್ರ. ಮೋಲ್ಡ್ ಮೇಲೆ ಒಂಬತ್ತು ಪಿಲ್ಲರಿನ ಕಂಬಿಗಳನ್ನೂ ಎರಡೆರಡು ಅಡಿ ಬಿಟ್ಟಿದ್ದರು. "ಮುಂದೆ ನಿನಗೆ ಬೇಕಾದಾಗ ಕಟ್ಟಿಸ್ಕೊ" ಅಂತ ಅಪ್ಪ ಹೇಳುತ್ತಿದ್ದರು. ಆ ಕಂಬಿ ನೋಡಿದಾಗಲೆಲ್ಲ ಕೆಳಗೂ ಎರಡು ಮಹಡಿಗೆ ತಕ್ಕ ಹಾಗೆ ಪಾಯ ಹಾಕಿದ್ದಾರೆ ಅಂದುಕೊಂಡಿದ್ದೆ. ಕಂಬಿ ಬಿಡುವುದಕ್ಕೂ ಪಿಲ್ಲರಿನ ಬುಡದಲ್ಲಿ ಮಣ್ಣಿನ ಮೇಲೆ ಕೂರುವ ಅಗಲದ ಕಾಂಕ್ರೀಟ್ ಹಾಸು, ಅಂದರೆ ಫುಟಿಂಗ್, ದೊಡ್ಡದು ಮಾಡುವುದಕ್ಕೂ ಸಂಬಂಧವೇ ಇಲ್ಲ ಅಂತ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ.

2021ರಲ್ಲಿ ತಮ್ಮನ ಮದುವೆ ಗೊತ್ತಾಯಿತು. ಮೇಲೆ ಒಂದು ಮನೆ ಮಾಡಿಸೋಣ ಅಂತ ಹೊರಟೆವು. ನಾವು ಏನೂ ನೋಡದೆ ಕಟ್ಟಿಸಿದವರಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪರಿಚಯದ ಒಬ್ಬ ಇಂಜಿನಿಯರ್ ಕರೆಸಿದೆವು. ಪಾಯ ನೋಡಲೇಬೇಕು ಅಂತ ಅವರೂ ಹೇಳಿದರು. ಮನೆಯ ಮುಂದೆ, ಗೇಟಿನ ಪಕ್ಕದ ಮೂಲೆ ಪಿಲ್ಲರಿನ ಹತ್ತಿರ ಗುಂಡಿ ತೋಡಿಸಿದರು. ನಾಲ್ಕು ಅಡಿ ಕೆಳಗೆ ಫುಟಿಂಗ್ ಸಿಕ್ಕಿತು. ಪಿಲ್ಲರಿನ ಮುಖದಿಂದ ಫುಟಿಂಗ್ ಅಂಚಿನವರೆಗೆ ಹದಿಮೂರೂವರೆ ಇಂಚು. ಎರಡೂ ಕಡೆ ಸೇರಿ 27, ಪಿಲ್ಲರಿನ 9 ಸೇರಿದರೆ 36 ಇಂಚು. ಅಂದರೆ ಮೂರಕ್ಕೆ ಮೂರು ಅಡಿ. ತಳದಲ್ಲಿ ಗಟ್ಟಿ ಕೆಂಪು ಮಣ್ಣು. ಹಾರೆ ಹಾಕಿದರೂ ಸುಲಭಕ್ಕೆ ಇಳಿಯಲಿಲ್ಲ.

"ಏನೂ ತೊಂದರೆ ಇಲ್ಲ, ಆರಾಮಾಗಿ ಕಟ್ಟಿ" ಅಂದರು. ಆ ಮೂಲೆ ಪಿಲ್ಲರಿನ ಮಟ್ಟಿಗೆ ಅವರು ಹೇಳಿದ್ದು ಸರಿಯೇ. ಉಳಿದ ಎಂಟಕ್ಕೂ ಅದನ್ನೇ ಅನ್ವಯಿಸಿದ್ದು ತಪ್ಪು. ಹಾಲಿನ ನಡುವೆ ಇರುವ ಪಿಲ್ಲರ್ ಹತ್ತಿರ ಗುಂಡಿ ತೋಡಬೇಕೆಂದರೆ ಟೈಲ್ಸ್ ಒಡೆಯಬೇಕು, ಮನೆಯೊಳಗೆಲ್ಲ ಮಣ್ಣು. ಅಮ್ಮ ಬೇಡ ಅಂದರು, ನಾನೂ ಬೇಡ ಅಂದೆ, ಅವರೂ ಒತ್ತಾಯ ಮಾಡಲಿಲ್ಲ.

ಮೂಲೆಗೂ ನಡುವಿಗೂ ಏನು ವ್ಯತ್ಯಾಸ ಅಂತ ಆಮೇಲೆ ಬಂದ ಸ್ಟ್ರಕ್ಚರಲ್ ಇಂಜಿನಿಯರ್ ಒಂದು ಹಾಳೆ ಮೇಲೆ ಬರೆದು ತೋರಿಸಿದರು. ನಮ್ಮ ಪಿಲ್ಲರ್‌ಗಳು ಮೂರು ಸಾಲು, ಸಾಲಿಗೆ ಮೂರು. ಒಂದು ದಿಕ್ಕಿಗೆ 12 ಅಡಿ, ಇನ್ನೊಂದು ದಿಕ್ಕಿಗೆ 11 ಅಡಿ ಅಂತರ. ಪ್ರತಿ ಪಿಲ್ಲರ್ ತನ್ನ ಸುತ್ತಲಿನ ಅರ್ಧ ಅಂತರದವರೆಗಿನ ಮೋಲ್ಡ್ ಹೊರುತ್ತದೆ. ನಡುವಿನದಕ್ಕೆ ನಾಲ್ಕೂ ಕಡೆಯಿಂದ ಬರುತ್ತದೆ, 132 ಚದರ ಅಡಿ. ಮೂಲೆಯದಕ್ಕೆ ಒಂದೇ ಕಡೆಯಿಂದ, 33 ಚದರ ಅಡಿ.

ನಡುವಿನ ಪಿಲ್ಲರಿಗೆ ಒಂದು ಮಹಡಿಯಿಂದ ಬರುವ ಭಾರದ ಲೆಕ್ಕ ಹೀಗಿತ್ತು. ಐದು ಇಂಚಿನ ಮೋಲ್ಡ್ ಮತ್ತು ಅದರ ಮೇಲಿನ ಟೈಲ್ಸ್, ಗಾರೆ ಸೇರಿ ಸುಮಾರು 5 ಟನ್. ಆರು ಇಂಚಿನ ಸಾಲಿಡ್ ಬ್ಲಾಕ್ ಗೋಡೆಗಳು 6 ಟನ್ನಿಗೂ ಸ್ವಲ್ಪ ಜಾಸ್ತಿ. ಬೀಮ್ ಒಂದೂ ಕಾಲು ಟನ್. ಜನ, ಮಂಚ, ಬೀರು ಇದಕ್ಕೆಲ್ಲ ಎರಡೂವರೆ ಟನ್. ಒಟ್ಟು 15 ಟನ್. ನೆಲಮಹಡಿಯದೂ ಹೆಚ್ಚುಕಡಿಮೆ ಅಷ್ಟೇ. ಎರಡು ಸೇರಿದರೆ 30 ಟನ್. ನಾವು ಸರಿಯಾಗಿ ಆ ಪಿಲ್ಲರಿನ ನೆತ್ತಿಯ ಮೇಲೆ ಎರಡು ಸಾವಿರ ಲೀಟರಿನ ಟ್ಯಾಂಕ್ ಬೇರೆ ಕೂರಿಸಿದ್ದೆವು. ಅದು ತುಂಬಿದರೆ ಇನ್ನೆರಡು ಟನ್.

ಈಗ ಕೆಳಗೆ ನೋಡಿ. ನಮ್ಮ ಜಾಗದ ಗಟ್ಟಿ ಕೆಂಪು ಮಣ್ಣಿಗೆ ಅವರು ಹಿಡಿದ ಲೆಕ್ಕ ಚದರ ಅಡಿಗೆ ಒಂದೂವರೆ ಟನ್. ಮೂರಕ್ಕೆ ಮೂರು ಫುಟಿಂಗ್ ಅಂದರೆ 9 ಚದರ ಅಡಿ. ಸುರಕ್ಷಿತವಾಗಿ ಹೊರುವುದು ಹದಿಮೂರೂವರೆ ಟನ್. ಮೂಲೆ ಪಿಲ್ಲರಿಗೆ ಮಹಡಿಗೆ 6 ಟನ್ನಿನಂತೆ ಎರಡು ಮಹಡಿಗೆ 12 ಟನ್, ಅದಕ್ಕೆ ಸಾಕು. ನಡುವಿನದಕ್ಕೆ ಬೇಕಾಗಿದ್ದು 32 ಟನ್, ಇದ್ದದ್ದು ಹದಿಮೂರೂವರೆ. ಕನಿಷ್ಠ ಐದಕ್ಕೆ ಐದು ಅಡಿ ಫುಟಿಂಗ್ ಇರಬೇಕಿತ್ತು. ಆಗಿನ ಮೇಸ್ತ್ರಿ ಒಂಬತ್ತಕ್ಕೂ ಒಂದೇ ಅಳತೆ ಹಾಕಿಬಿಟ್ಟಿದ್ದರು. ಹಳೆಯ ಮನೆಗಳಲ್ಲಿ ಇದು ತುಂಬಾ ಸಾಮಾನ್ಯವಂತೆ. ಒಂದೇ ಮಹಡಿ ಇದ್ದಾಗ ಹೇಗೋ ನಡೆಯುತ್ತದೆ, ಹದಿನಾಲ್ಕು ವರ್ಷ ನಡೆದಿತ್ತು ಕೂಡ.

ಮೇಲಿನ ಮೋಲ್ಡ್ ಹಾಕಿ ಮೂರು ತಿಂಗಳಿಗೆ ಮೊದಲ ಸೂಚನೆ ಬಂತು. ಕೆಳಗಿನ ಬೆಡ್‌ರೂಮ್ ಬಾಗಿಲು ಚೌಕಟ್ಟಿಗೆ ತಾಗಲು ಶುರುವಾಯಿತು. ಮಳೆಗೆ ಮರ ಉಬ್ಬಿದೆ ಅಂತ ಬಡಗಿ ಕರೆಸಿ ಉಜ್ಜಿಸಿದೆವು. ಆಮೇಲೆ ಗೋಡೆಯಲ್ಲಿ ಬಿರುಕು. ಗಾರೆ ಒಣಗಿದಾಗ ಬರುವ ಬಿರುಕು ಬಲೆಯ ಹಾಗೆ ಸಣ್ಣಸಣ್ಣದಾಗಿ ಹರಡಿರುತ್ತದೆ. ಇದು ಹಾಗಿರಲಿಲ್ಲ. ಬಾಗಿಲ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹತ್ತಿತ್ತು. ಪಿಲ್ಲರಿನ ಎಡಗಡೆ ಗೋಡೆಯಲ್ಲಿ ಬಲಕ್ಕೆ ಹತ್ತಿತ್ತು, ಬಲಗಡೆ ಗೋಡೆಯಲ್ಲಿ ಎಡಕ್ಕೆ. ಎರಡೂ ನಡುವಿನ ಪಿಲ್ಲರಿನತ್ತ. ಇಂಥ ಓರೆ ಬಿರುಕು ಮೇಲೇರುತ್ತಾ ಯಾವ ಕಡೆಗೆ ವಾಲುತ್ತದೋ ಸಾಮಾನ್ಯವಾಗಿ ಆ ಕಡೆಯೇ ಕುಸಿಯುತ್ತಿರುತ್ತದೆ. ನಿಮ್ಮ ಮನೆಯಲ್ಲಿ ಹೀಗೆ ಕಂಡರೆ ದಯವಿಟ್ಟು ಪುಟ್ಟಿ ಹಾಕಿ ಮುಚ್ಚಬೇಡಿ. ನಾವು ಎರಡು ಸಲ ಮುಚ್ಚಿದೆವು, ಎರಡು ಸಲವೂ ಬಾಯಿ ಬಿಟ್ಟಿತು.

ಸ್ಟ್ರಕ್ಚರಲ್ ಇಂಜಿನಿಯರ್ ಬಂದವರೇ ಮೊದಲು ಮೇಲಿನ ಟ್ಯಾಂಕ್ ಖಾಲಿ ಮಾಡಿಸಿದರು. ತಮ್ಮ ಮತ್ತು ಅವನ ಹೆಂಡತಿಯನ್ನು ಕೆಳಗೆ ಬರಲು ಹೇಳಿದರು. ಆಮೇಲೆ ಬಿರುಕಿನ ಎರಡು ಬದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ತಾರೀಖು ಬರೆದು, ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿದರು. ಹನ್ನೊಂದನೇ ದಿನ ಗಾಜು ಒಡೆಯಿತು. ಅಂದರೆ ಕುಸಿತ ಇನ್ನೂ ನಡೆಯುತ್ತಿತ್ತು. ಮೇಲಿನ ಹೊಸ ನೆಲದಲ್ಲಿ ನೀರಿನ ಲೆವೆಲ್ ಪೈಪ್ ಹಿಡಿದು ನೋಡಿದರು. ಪಕ್ಕದ ಪಿಲ್ಲರಿಗಿಂತ ನಡುವಿನದು 14 ಮಿಲಿಮೀಟರ್ ಕೆಳಗಿತ್ತು. ಹನ್ನೊಂದು ಅಡಿ ಅಂತರದಲ್ಲಿ 11 ಮಿಲಿಮೀಟರ್ ದಾಟಿದರೇ ಗೋಡೆ ಸೀಳುವ ಭಯ ಶುರು ಅಂದರು.

ಟೈಲ್ಸ್ ಒಡೆದು ಗುಂಡಿ ತೋಡಿದಾಗ ನನಗೆ ಕೈಕಾಲು ತಣ್ಣಗಾಯಿತು. ಫುಟಿಂಗ್ ಅಳತೆ ಅದೇ ಮೂರಕ್ಕೆ ಮೂರು. ಆದರೆ ಅದರ ಕೆಳಗೆ ಕೆಂಪು ಮಣ್ಣಿರಲಿಲ್ಲ. ಇಟ್ಟಿಗೆ ಚೂರು, ಬೂದಿ, ಸಡಿಲ ಮಣ್ಣು. ಕಬ್ಬಿಣದ ಸರಳು ಕೈಯಲ್ಲೇ ಒತ್ತಿದರೆ ಎರಡೂವರೆ ಅಡಿ ಇಳಿಯಿತು. ಎದುರು ಮನೆ ಅಜ್ಜಿ ಬಂದು ನೋಡಿ, "ಇಲ್ಲಿ ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿ ಇತ್ತು ಕಣಪ್ಪಾ, ಲೇಔಟ್ ಮಾಡೋವಾಗ ಮುಚ್ಚಿದ್ರು" ಅಂದರು. ಇಷ್ಟು ವರ್ಷ ಎದುರಿಗೇ ಇದ್ದರು. ಒಂದು ಮಾತು ಕೇಳಿದ್ದರೆ ಗೊತ್ತಾಗುತ್ತಿತ್ತು. ರಾಗಿ ಹೊಲ, ತೋಟ, ಗುಂಡಿಗಳೆಲ್ಲ ಸೈಟಾಗಿರುವ ನಮ್ಮ ಊರಿನಲ್ಲಿ ಒಂದೇ ಸೈಟಿನೊಳಗೆ ಮಣ್ಣು ಎರಡು ಥರ ಇರುವುದು ಹೊಸದೇನಲ್ಲ. ಮೂಲೆಯಲ್ಲಿ ಗಟ್ಟಿ ಇತ್ತು, ನಡುವೆ ಭರ್ತಿ ಮಣ್ಣು.

ಪಿಲ್ಲರಿನ ವಿಷಯವೂ ಹೇಳಬೇಕು. ಒಂಬತ್ತು ಇಂಚಿನ ಚೌಕ, ಹನ್ನೆರಡು ಮಿಲಿಮೀಟರಿನ ನಾಲ್ಕು ಕಂಬಿ. ಕಾಂಕ್ರೀಟ್ ಎಂ20 ಗುಣಮಟ್ಟದ್ದಾಗಿದ್ದರೆ ಇಂಥದ್ದು ಸುಮಾರು 36 ಟನ್ ಹೊರುತ್ತದೆ. ಮೊದಲ ಇಂಜಿನಿಯರ್ ಸುತ್ತಿಗೆ ಪರೀಕ್ಷೆ ಮಾಡಿದ್ದರು. ಸ್ಪ್ರಿಂಗ್ ಇರುವ ಒಂದು ಉಪಕರಣವನ್ನು ಕಾಂಕ್ರೀಟಿಗೆ ಒತ್ತಿ, ಅದು ಎಷ್ಟು ಪುಟಿಯುತ್ತದೆ ಎಂದು ನೋಡುವುದು. ರೀಡಿಂಗ್ ಚೆನ್ನಾಗಿಯೇ ಬಂದಿತ್ತು. ಆದರೆ ಹಳೆಯ ಕಾಂಕ್ರೀಟಿನ ಹೊರಮೈ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುತ್ತದೆ. ಹಾಗಾಗಿ ಸುತ್ತಿಗೆ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಎರಡನೆಯವರು ಪಿಲ್ಲರ್ ಸುತ್ತ ಬೀಮಿಗೆ ಜಾಕಿ ಕೊಟ್ಟು, ಒಳಗೆ ಕಂಬಿ ಎಲ್ಲಿದೆ ಅಂತ ಮೆಷಿನ್ನಿನಲ್ಲಿ ನೋಡಿ, ಕಂಬಿ ತಪ್ಪಿಸಿ ಕಾಂಕ್ರೀಟಿನ ಸಣ್ಣದೊಂದು ಉರುಳೆ, ಅಂದರೆ ಕೋರ್, ಕೊರೆದು ತೆಗೆದು ಲ್ಯಾಬಿಗೆ ಕಳಿಸಿದರು. ಎಂ12ರ ಆಸುಪಾಸು ಬಂತು. ಆ ಲೆಕ್ಕಕ್ಕೆ ಪಿಲ್ಲರ್ ಹೊರುವುದು 25 ಟನ್. ಕೋರಿಗೆ ಫೀನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದರು. ಚೆನ್ನಾಗಿರುವ ಕಡೆ ಗುಲಾಬಿ ಬಣ್ಣ ಬರಬೇಕು. ಹೊರಗಿನಿಂದ ಕಂಬಿ ಇರುವಷ್ಟು ಆಳದವರೆಗೆ ಬಣ್ಣವೇ ಬರಲಿಲ್ಲ. ಆ ಭಾಗದಲ್ಲಿ ಕಂಬಿಗೆ ತುಕ್ಕು ತಡೆಯುವ ಗುಣ ಹೋಗಿದೆ ಎಂದರ್ಥ.

ರಿಪೇರಿಗೆ ಎರಡು ತಿಂಗಳು ಹಿಡಿಯಿತು. ಜಾಕಿ ಮೇಲೆ ಭಾರ ಹಿಡಿದು, ಫುಟಿಂಗ್ ಕೆಳಗಿನ ಭರ್ತಿ ಮಣ್ಣನ್ನು ಒಂದು ಸಲಕ್ಕೆ ಕಾಲು ಭಾಗದಂತೆ ತೆಗೆದು, ಗಟ್ಟಿ ನೆಲದವರೆಗೆ ಕಾಂಕ್ರೀಟ್ ತುಂಬಿದರು. ಹಳೆ ಫುಟಿಂಗಿಗೆ ತೂತು ಕೊರೆದು ಕಂಬಿ ಕೂರಿಸಿ, ಸುತ್ತ ಐದಕ್ಕೆ ಐದು ಅಡಿಗೆ ಅಗಲ ಮಾಡಿದರು. ಪಿಲ್ಲರಿಗೆ ನಾಲ್ಕೂ ಕಡೆ ನಾಲ್ಕು ಇಂಚು ಹೊಸ ಕಂಬಿ, ಕಾಂಕ್ರೀಟಿನ ಕವಚ. ಈಗ ಹಾಲಿನ ನಡುವೆ ಹದಿನೇಳು ಇಂಚಿನ ಕಂಬ ನಿಂತಿದೆ. ಪಕ್ಕದ ನಾಲ್ಕು ಪಿಲ್ಲರ್‌ಗಳ ಪೈಕಿ ಎರಡಕ್ಕೂ ಇದೇ ಕೆಲಸ ಮಾಡಿಸಬೇಕಾಯಿತು. ಒಟ್ಟು ನಾಲ್ಕು ಲಕ್ಷ ಅರವತ್ತು ಸಾವಿರ. ಪರೀಕ್ಷೆಗಳಿಗೆ ಆಗಿದ್ದು ಮೂವತ್ತೆಂಟು ಸಾವಿರ. ಕುಸಿದ ಹದಿನಾಲ್ಕು ಮಿಲಿಮೀಟರ್ ವಾಪಸ್ ಏರಿಲ್ಲ, ಕುಸಿತ ನಿಂತಿದೆ ಅಷ್ಟೇ.

ನೀವು ಮೇಲೆ ಕಟ್ಟಿಸುವವರಿದ್ದರೆ, ಅತಿ ಹೆಚ್ಚು ಭಾರ ಬೀಳುವ ಪಿಲ್ಲರ್ ಯಾವುದು ಅಂತ ಮೊದಲು ಕೇಳಿ. ಅದರ ಪಕ್ಕದಲ್ಲೇ ಗುಂಡಿ ತೋಡಿಸಿ, ಮನೆಯೊಳಗಾದರೂ ಸರಿ. ಒಂದು ಬದಿ ಮಾತ್ರ ತೋಡಿಸಿ, ಫುಟಿಂಗಿನ ಅಡಿಗೆ ಕೈ ಹಾಕಿಸಬೇಡಿ, ಸುತ್ತಲೂ ಒಟ್ಟಿಗೆ ತೋಡಿಸಬೇಡಿ. ಮುಚ್ಚುವಾಗ ಮಣ್ಣನ್ನು ಆರಾರು ಇಂಚು ಹಾಕಿ, ನೀರು ಚಿಮುಕಿಸಿ, ದಿಮ್ಮಸು ಹಾಕಿಸಿ. ಹಿಂದಿನ ಬೀದಿಯ ಒಬ್ಬರು ಹೋದ ತಿಂಗಳು ನಮ್ಮ ಮನೆ ನೋಡಿಕೊಂಡು ಹೋಗಿ ಹೀಗೇ ಮಾಡಿಸಿದರು. ಅವರ ನಡುವಿನ ಫುಟಿಂಗ್ ನಾಲ್ಕಕ್ಕೆ ನಾಲ್ಕು ಅಡಿ, ಕೆಳಗೆ ಗಟ್ಟಿ ಮಣ್ಣು, ಅಂದರೆ 24 ಟನ್. ಪೂರ್ತಿ ಮನೆಗೆ ಸಾಲದು. ಅವರು ಮೋಲ್ಡ್ ಬಿಟ್ಟು, ಹಗುರ ಬ್ಲಾಕಿನ ಗೋಡೆ ಮತ್ತು ಶೀಟಿನ ಚಾವಣಿಯಲ್ಲಿ ಎರಡು ರೂಮ್ ಮಾತ್ರ ಮಾಡಿಸುತ್ತಿದ್ದಾರೆ. ನೀರಿನ ಟ್ಯಾಂಕನ್ನು ಮೂಲೆ ಪಿಲ್ಲರಿನ ಮೇಲೆ ಇಡಿಸಿದ್ದಾರೆ.