ಪಿನ್ ಹೋಲ್ಡರ್, ಥ್ರೆಡ್ ಹೋಲ್ಡರ್, ನಡುವೆ ಅಡಾಪ್ಟರ್: ಒಂದೇ ಮನೆಯಲ್ಲಿ ಮಾಡಿ ನೋಡಿದ ಹೋಲಿಕೆ

ತುಮಕೂರಿನ ನಮ್ಮ ಮನೆಯಲ್ಲಿ ಬಲ್ಬು ಹಾಕುವ ಜಾಗಗಳು ಹನ್ನೊಂದು. ಅವುಗಳಲ್ಲಿ ಎಂಟು, ಮನೆ ಕಟ್ಟಿಸಿದಾಗಲೇ ಕೂಡಿಸಿದ ಪಿನ್ ಹೋಲ್ಡರ್‌ಗಳು. ಊಟದ ಮೇಜಿನ ಮೇಲೆ ತೂಗುವ ದೀಪಕ್ಕೂ ಓದುವ ಮೇಜಿನ ದೀಪಕ್ಕೂ ಇರುವುದು ಥ್ರೆಡ್ ಹೋಲ್ಡರ್, ದೇವರ ಮನೆಯ ಗೋಡೆ ದೀಪಕ್ಕೆ ಇರುವುದು ಇನ್ನೂ ಸಣ್ಣ ಥ್ರೆಡ್. ಇಷ್ಟು ದಿನ ಈ ಲೆಕ್ಕ ಇಟ್ಟುಕೊಳ್ಳಬೇಕೆಂದು ನನಗೆ ಅನ್ನಿಸಿರಲಿಲ್ಲ. ಊಟದ ಮೇಜಿನ ದೀಪ ಕೆಟ್ಟ ದಿನ ಚಿಕ್ಕಪೇಟೆಯ ಅಂಗಡಿಗೆ ಹೋಗಿ ಒಂಬತ್ತು ವ್ಯಾಟಿನ ಎಲ್ಇಡಿ ಬಲ್ಬು ಎರಡು ಕೇಳಿದೆ. ಅಂಗಡಿಯವರು, "ಪಿನ್ನಾ ಸಾರ್, ಥ್ರೆಡ್ಡಾ?" ಎಂದರು. "ಮಾಮೂಲಿದೇ ಕೊಡಿ" ಎಂದೆ. ನಮ್ಮ ಕಡೆ ಮಾಮೂಲಿ ಎಂದರೆ ಪಿನ್ ಎಂಬುದು, ಮನೆಗೆ ಬಂದು ಸ್ಟೂಲ್ ಹತ್ತಿ ನಿಂತ ಮೇಲೆ ಅರ್ಥವಾಯಿತು.

ಡಬ್ಬಿಯ ಮೇಲೆ ಬಿ22 ಎಂದಿದ್ದರೆ ಅದು ಪಿನ್ ಬಲ್ಬು, ಇ27 ಎಂದಿದ್ದರೆ ದೊಡ್ಡ ಥ್ರೆಡ್, ಇ14 ಎಂದಿದ್ದರೆ ಸಣ್ಣ ಥ್ರೆಡ್. ಅಕ್ಷರ ಬುಡದ ಜಾತಿಯನ್ನು ಹೇಳಿದರೆ, ಅಂಕಿ ಬುಡದ ಅಡ್ಡಳತೆಯನ್ನು ಮಿಲಿಮೀಟರ್‌ನಲ್ಲಿ ಹೇಳುತ್ತದೆ. ಡಬ್ಬಿ ಕಳೆದುಹೋಗಿ ಬಲ್ಬಿನ ಮೇಲಿನ ಅಚ್ಚೂ ಅಳಿಸಿಹೋಗಿದ್ದರೆ ಹತ್ತು ರೂಪಾಯಿ ನಾಣ್ಯ ಸಾಕು, ಅದರ ಅಡ್ಡಳತೆಯೂ 27 ಮಿಲಿಮೀಟರೇ. ಕೆಟ್ಟ ಬಲ್ಬಿನ ಥ್ರೆಡ್ ಬುಡವನ್ನು ನಾಣ್ಯದ ಮೇಲೆ ನೇರವಾಗಿ ನಿಲ್ಲಿಸಿದಾಗ ಸುತ್ತಲೂ ಸರಿಸಮನಾಗಿ ಮುಚ್ಚಿದರೆ ಅದು ಇ27, ನಾಣ್ಯದ ಅಡ್ಡಳತೆಯ ಅರ್ಧದಷ್ಟೇ ಮುಚ್ಚಿದರೆ ಇ14. ಆದರೆ ಅಳತೆ ನೋಡಬೇಕಾದದ್ದು ಕೈಯಲ್ಲಿರುವ ಬಲ್ಬಿನಲ್ಲಿ ಮಾತ್ರ. ನಾಣ್ಯವನ್ನಾಗಲಿ ಸ್ಟೀಲ್ ಸ್ಕೇಲನ್ನಾಗಲಿ ಹೋಲ್ಡರ್‌ನ ಬಾಯಿಯ ಹತ್ತಿರಕ್ಕೆ ಒಯ್ಯಲೇಬಾರದು.

ಕೊಂಡು ತಂದ ಪಿನ್ ಬಲ್ಬುಗಳನ್ನು ಹಿಂದಿರುಗಿಸಲು ಮನಸ್ಸಾಗದೆ, ಥ್ರೆಡ್ ಹೋಲ್ಡರ್‌ನಲ್ಲಿ ಪಿನ್ ಬಲ್ಬು ಕೂರಿಸುವ ಒಂದು ಅಡಾಪ್ಟರ್ ತಂದೆ. ಜೊತೆಗೆ, ಆಮೇಲೆ ಉಪಯೋಗಕ್ಕೆ ಬರಬಹುದೆಂದು, ಅದಕ್ಕೆ ತಿರುವುಮುರುವಾದ ಇನ್ನೊಂದನ್ನೂ ತಂದೆ. ಮೊದಲನೆಯದರಿಂದ ದೀಪವೇನೋ ಹತ್ತಿತು. ಆದರೆ ಬಲ್ಬು ಸುಮಾರು ಒಂದೂವರೆ ಇಂಚು ಕೆಳಗಿಳಿದು ಲೋಹದ ಶೇಡಿನ ಅಂಚನ್ನು ದಾಟಿದ್ದರಿಂದ, ಊಟಕ್ಕೆ ಕೂತವರೆಲ್ಲರ ಕಣ್ಣಿಗೆ ಬೆಳಕು ನೇರವಾಗಿ ಚುಚ್ಚುತ್ತಿತ್ತು. ಎರಡನೆಯದನ್ನು ಜಗುಲಿಯಲ್ಲಿ ಗೋಡೆಯಿಂದ ಓರೆಯಾಗಿ ಹೊರಚಾಚಿರುವ ಆಂಗಲ್ ಹೋಲ್ಡರ್‌ಗೆ ಹಾಕಿ, ಅದಕ್ಕೆ ಥ್ರೆಡ್ ಬಲ್ಬು ತಿರುಗಿಸಿದೆ. ಅಲ್ಲಿ ತೊಂದರೆ ಬೇರೆ ಬಗೆಯದು. ಪಿನ್ ಹೋಲ್ಡರ್‌ನಲ್ಲಿ ಬಲ್ಬನ್ನು ಹಿಡಿದಿಡುವುದು ಒಳಗಿನ ಎರಡು ಸ್ಪ್ರಿಂಗ್‌ಗಳ ಒತ್ತಡ, ವಿದ್ಯುತ್ತು ಹರಿಯುವುದೂ ಆ ಸ್ಪ್ರಿಂಗ್‌ಗಳು ಮುಂದಕ್ಕೆ ತಳ್ಳುವ ಎರಡು ಗುಂಡಿಗಳ ಮೂಲಕವೇ. ಅಡಾಪ್ಟರ್ ಸೇರಿ ಬಲ್ಬು ಉದ್ದವಾದಾಗ ಅದರ ಭಾರ ಬುಡವನ್ನು ಓರೆಯಾಗಿ ಎಳೆಯುತ್ತದೆ, ಒಂದು ಗುಂಡಿಗೆ ಒತ್ತಡ ಹೆಚ್ಚಾಗಿ ಇನ್ನೊಂದಕ್ಕೆ ಕಡಿಮೆಯಾಗುತ್ತದೆ. ಎರಡು ವಾರ ಸುಮ್ಮನಿದ್ದ ಜಗುಲಿಯ ದೀಪ ಆಮೇಲೆ ಮಿಟುಕತೊಡಗಿತು. ಬಿಚ್ಚಿ ನೋಡಿದಾಗ ಅಡಾಪ್ಟರ್‌ನ ಬುಡದ ಎರಡು ಬೆಸುಗೆ ಬೊಟ್ಟುಗಳಲ್ಲಿ ಒಂದು ಹೊಳೆಯುತ್ತಿತ್ತು, ಇನ್ನೊಂದು ಕಪ್ಪಾಗಿ ನಡುವೆ ಸಣ್ಣ ಕುಳಿ ಬಿದ್ದಿತ್ತು. ಸರಿಯಾಗಿ ತಾಗದ ಕಡೆ ಕಿಡಿ ಹಾರುತ್ತಿದ್ದುದರ ಗುರುತು ಅದು.

ಆದ್ದರಿಂದ ಅಡಾಪ್ಟರ್ ನನ್ನ ಲೆಕ್ಕದಲ್ಲಿ ತಾತ್ಕಾಲಿಕ ಏರ್ಪಾಡು ಮಾತ್ರ. ಬಲ್ಬು ನೇರವಾಗಿ ಕೆಳಕ್ಕೆ ತೂಗುವ, ಸುತ್ತ ಶೇಡಿಲ್ಲದ ಕಡೆ ಕೆಲವು ದಿನ ನಡೆದೀತು. ಗಾಜಿನ ಮುಚ್ಚಿದ ಗುಂಡಿನೊಳಗೆ ಬೇಡ. ಅಲ್ಲಿ ಬಲ್ಬು ಗಾಜಿಗೆ ಒತ್ತಿಕೊಳ್ಳುತ್ತದೆ, ಎಲ್ಇಡಿ ಬಲ್ಬಿನ ಬುಡದಲ್ಲಿರುವ ಸರ್ಕ್ಯೂಟ್ ಬಿಸಿ ಆರಲು ಜಾಗವಿಲ್ಲದೆ ಬೇಗ ಸಾಯುತ್ತದೆ. ಹೋಲ್ಡರನ್ನೇ ಬದಲಾಯಿಸುವುದು ನಾನು ಹೆದರಿದಷ್ಟು ದೊಡ್ಡ ಕೆಲಸವಲ್ಲ. ಜಗುಲಿಯ ಆಂಗಲ್ ಹೋಲ್ಡರನ್ನು ಎಲೆಕ್ಟ್ರಿಷಿಯನ್ ಕಾಲು ಗಂಟೆಯಲ್ಲಿ ಬದಲಾಯಿಸಿದರು. ಅಲ್ಲಿ ಮತ್ತೆ ಪಿನ್ ಹೋಲ್ಡರನ್ನೇ ಹಾಕಿಸಿದೆ, ಏಕೆಂದರೆ ಪಕ್ಕದಲ್ಲೇ ನೀರಿನ ಮೋಟಾರು ಇದ್ದು ಗೋಡೆ ಸದಾ ಅದುರುತ್ತಿರುತ್ತದೆ. ಥ್ರೆಡ್ ಬಲ್ಬು ಅಂಥ ಕಡೆ ಸ್ವಲ್ಪ ಸ್ವಲ್ಪವಾಗಿ ಸಡಿಲವಾಗಬಹುದು. ಪಿನ್ ಬಲ್ಬಾದರೋ ಒತ್ತಿ ತಿರುಗಿಸದ ಹೊರತು ತನ್ನ ಕಚ್ಚಿನಿಂದ ಕದಲುವುದಿಲ್ಲ.

ಹಾಗೆಂದು ಪಿನ್ ಹೋಲ್ಡರ್‌ಗೆ ಮುಪ್ಪಿಲ್ಲವೆಂದಲ್ಲ. ಹಳೆಯ ಅರವತ್ತು, ನೂರು ವ್ಯಾಟಿನ ಬಲ್ಬುಗಳ ಬಿಸಿಗೆ ವರ್ಷಾನುಗಟ್ಟಲೆ ಕಾದ ಸ್ಪ್ರಿಂಗ್‌ಗಳು ಬಲಗುಂದಿರುತ್ತವೆ. ಹೊಸ ಬಲ್ಬು ಹಾಕಿದರೂ ಮಿಟುಕುವುದು, ಬೆರಳಿನಿಂದ ತಟ್ಟಿದರೆ ಸರಿಹೋಗುವುದು, ಕಿವಿಗೊಟ್ಟರೆ ಸಣ್ಣಗೆ ಚುರುಗುಟ್ಟುವುದು, ಇವು ಹೋಲ್ಡರ್‌ನ ದೋಷಗಳೇ ಹೊರತು ಬಲ್ಬಿನವಲ್ಲ. ಬಚ್ಚಲುಮನೆಯ ಹೋಲ್ಡರ್‌ಗೆ ನಾನು ಒಂದರ ಹಿಂದೆ ಒಂದು ಮೂರು ಬಲ್ಬು ಸುರಿದ ಮೇಲೆ ಈ ಮಾತು ಒಪ್ಪಿಕೊಂಡೆ.

ಥ್ರೆಡ್ ಹೋಲ್ಡರ್ ಕೆಡುವುದು ನಡುವಿನ ಹಿತ್ತಾಳೆ ನಾಲಿಗೆಯಲ್ಲಿ. ಬಲ್ಬು ಗಟ್ಟಿಯಾಗಿರಲೆಂದು ಬಲವಾಗಿ ತಿರುಗಿಸಿದಷ್ಟೂ ಆ ನಾಲಿಗೆ ತಳಕ್ಕೆ ಮಲಗಿಕೊಳ್ಳುತ್ತದೆ, ಕೊನೆಗೆ ಬಲ್ಬಿನ ಬುಡದ ಬೊಟ್ಟು ಅದನ್ನು ಮುಟ್ಟುವುದೇ ಇಲ್ಲ. ಓದುವ ದೀಪಕ್ಕೆ ಹೀಗಾದಾಗ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಟ್ಟು, ಮರದ ಕಡ್ಡಿಯಿಂದ ನಾಲಿಗೆಯನ್ನು ಒಂದೆರಡು ಮಿಲಿಮೀಟರ್ ಮೇಲೆತ್ತಿದೆ. ಸತ್ತಿದೆಯೆಂದುಕೊಂಡಿದ್ದ ಬಲ್ಬು ಮತ್ತೆ ಉರಿಯಿತು. ದೇವರ ಮನೆಯ ಇ14 ದೀಪಕ್ಕೆ ಮಾತ್ರ ಅಡಾಪ್ಟರ್‌ನ ಆಯ್ಕೆಯೂ ಇಲ್ಲ. ಅದರ ಗಾಜಿನ ಕುತ್ತಿಗೆಯೊಳಗೆ ಮೊಂಬತ್ತಿ ಆಕಾರದ ಸಣ್ಣ ಬಲ್ಬು ಬಿಟ್ಟು ಬೇರೇನೂ ಹೋಗದ ಕಾರಣ, ಅದಕ್ಕೆ ಇ14 ಬಲ್ಬನ್ನೇ ಹುಡುಕಿ, ಒಂದನ್ನು ಹೆಚ್ಚಾಗಿ ತಂದಿಟ್ಟುಕೊಂಡಿದ್ದೇನೆ.

ಎರಡು ಹೋಲ್ಡರ್‌ಗಳ ನಡುವೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ವ್ಯತ್ಯಾಸ ವೈರುಗಳದು. ಪಿನ್ ಹೋಲ್ಡರ್‌ನ ಎರಡು ಗುಂಡಿಗಳೂ ಒಂದೇ ಬಗೆಯವು. ಫೇಸ್ ಯಾವುದಕ್ಕೆ, ನ್ಯೂಟ್ರಲ್ ಯಾವುದಕ್ಕೆ ಎಂದು ಭೇದವಿಲ್ಲ, ಸ್ವಿಚ್ಚು ಫೇಸ್ ತಂತಿಯಲ್ಲಿದ್ದರೆ ಆಯಿತು. ಥ್ರೆಡ್ ಹೋಲ್ಡರ್‌ನಲ್ಲಿ ಹಾಗಲ್ಲ, ಫೇಸ್ ನಡುವಿನ ನಾಲಿಗೆಗೇ ಬರಬೇಕು, ನ್ಯೂಟ್ರಲ್ ಸುತ್ತಲಿನ ಥ್ರೆಡ್‌ಗೆ ಬರಬೇಕು. ಅದಲು ಬದಲಾದರೂ ದೀಪ ಎಂದಿನಂತೆಯೇ ಉರಿಯುವುದರಿಂದ ತಪ್ಪು ಹೊರಗೆ ಕಾಣಿಸದು. ಆದರೆ ಸ್ವಿಚ್ಚು ಆರಿಸದೆ ಬಲ್ಬು ತಿರುಗಿಸುವವನ ಬೆರಳು ಬುಡದ ಲೋಹಕ್ಕೆ ತಗುಲಿದರೆ 230 ವೋಲ್ಟ್ ನೇರವಾಗಿ ಕೈಗೆ ಬರುತ್ತದೆ.

ಜಗುಲಿಯ ಕೆಲಸ ಮುಗಿಸಿ ಹೊರಟ ಎಲೆಕ್ಟ್ರಿಷಿಯನ್‌ಗೆ, "ಇದೊಂದನ್ನೂ ನೋಡಿಬಿಡಪ್ಪ" ಎಂದು ಊಟದ ಮೇಜಿನ ದೀಪ ತೋರಿಸಿದೆ. ಆತ ಬಲ್ಬು ತೆಗೆದು, ಸ್ವಿಚ್ಚು ಹಾಕಿ, ಟೆಸ್ಟರನ್ನು ಥ್ರೆಡ್‌ನ ಒಳಗೋಡೆಗೆ ಮುಟ್ಟಿಸಿದಾಗ ಅದರ ಕಣ್ಣು ಕೆಂಪಾಗಿ ಹೊಳೆಯಿತು. ತೂಗುದೀಪದ ವೈರಿನ ಎರಡು ಎಳೆಗಳೂ ಒಂದೇ ಬಣ್ಣದವಾಗಿದ್ದು, ಮೊದಲು ಕೂಡಿಸಿದವರು ಕೈಗೆ ಸಿಕ್ಕಂತೆ ಸೇರಿಸಿದ್ದರು. ಎಂಸಿಬಿ ಇಳಿಸಿ, ಸೀಲಿಂಗ್ ರೋಸ್‌ನ ಮುಚ್ಚಳ ಬಿಚ್ಚಿ ಎರಡು ಎಳೆಗಳನ್ನು ಅದಲು ಬದಲು ಮಾಡಿದ ಮೇಲೆ ಮತ್ತೆ ಟೆಸ್ಟರ್ ಹಿಡಿದು ತೋರಿಸಿದ. ಈ ಸಲ ಥ್ರೆಡ್‌ನಲ್ಲಿ ಬೆಳಕಿಲ್ಲ, ನಾಲಿಗೆಯಲ್ಲಿ ಇತ್ತು. ಆಮೇಲೆ ಇ27 ಬಲ್ಬು ತಿರುಗಿಸಿದೆವು. ಅದು ಶೇಡಿನೊಳಗೆ ಪೂರ್ತಿ ಅಡಗಿ ಕೂತಿತು.